ಇ-ರೀಡರ್‌ನಲ್ಲಿ ಹಿಂದಿನ ಪುಟದ ನೆರಳು: ಕಾಂಟ್ರಾಸ್ಟ್, ರಿಫ್ರೆಶ್, ಲೈಟ್ ಹೊಂದಿಸುವ ಕ್ರಮ

ನಮ್ಮ ಕಾಲೇಜಿನಲ್ಲಿ ಈಗ ಕೆಲವರ ಕೈಯಲ್ಲಿ ಇ-ರೀಡರ್ ಕಾಣುತ್ತಿದೆ. ಅಣ್ಣನೋ ಅಕ್ಕನೋ ಬಳಸಿ ಬಿಟ್ಟದ್ದು, ಗಲ್ಫ್‌ನಿಂದ ರಜೆಗೆ ಬಂದ ಮಾಮ ತಂದುಕೊಟ್ಟದ್ದು, ಹೀಗೆ. ಮೊಬೈಲ್‌ನಲ್ಲಿ ನೋಟ್ಸ್ ಓದಿ ಕಣ್ಣು ದಣಿದವರು ಇದರಲ್ಲಿ ಓದಲು ತೊಡಗುತ್ತಾರೆ. ಒಂದೆರಡು ವಾರದಲ್ಲಿ ಎರಡು ದೂರುಗಳು ಬರುತ್ತವೆ. ಮೊದಲನೆಯದು, ಪುಟ ತಿರುಗಿಸಿದ ಮೇಲೂ ಹಿಂದಿನ ಪುಟದ ಅಕ್ಷರಗಳು ಮಸುಕಾಗಿ ಉಳಿಯುತ್ತವೆ ಎಂಬುದು. ಎರಡನೆಯದು, ಅಕ್ಷರಗಳು ಬೂದು ಬಣ್ಣಕ್ಕೆ ತಿರುಗಿ ಎದ್ದು ಕಾಣುವುದಿಲ್ಲ ಎಂಬುದು. ಸ್ಕ್ರೀನ್ ಕೆಟ್ಟಿದೆ ಎಂದು ತಿಳಿದು ಸಾಧನವನ್ನು ಕಪಾಟಿನಲ್ಲಿ ಇಟ್ಟುಬಿಡುವವರೂ ಇದ್ದಾರೆ.

ಹೆಚ್ಚಿನ ಸಂದರ್ಭಗಳಲ್ಲಿ ಸ್ಕ್ರೀನ್ ಕೆಟ್ಟಿರುವುದಿಲ್ಲ. ಮೂರು ಹೊಂದಾಣಿಕೆಗಳು ಸರಿಯಾಗಿ ಕೂತಿರುವುದಿಲ್ಲ, ಅಷ್ಟೇ. ಅವು ಕಾಂಟ್ರಾಸ್ಟ್, ರಿಫ್ರೆಶ್ ಮತ್ತು ಫ್ರಂಟ್ ಲೈಟ್. ಇವುಗಳನ್ನು ಒಂದು ಕ್ರಮದಲ್ಲಿ ಹೊಂದಿಸಬೇಕು. ಕ್ರಮ ತಪ್ಪಿದರೆ ಒಂದರ ದೋಷವನ್ನು ಇನ್ನೊಂದರಿಂದ ಮುಚ್ಚಲು ಹೋಗಿ ಎರಡೂ ಕೆಡುತ್ತವೆ. ಆ ಕ್ರಮ ಏಕೆ ಹಾಗೆ ಎಂದು ತಿಳಿಯಬೇಕಾದರೆ ಮೊದಲು ಸ್ಕ್ರೀನಿನ ಒಳಗೆ ಏನಾಗುತ್ತದೆ ಎಂದು ನೋಡೋಣ.

ನೆರಳು ಉಳಿಯುವುದು ಏಕೆ?

ಮೊಬೈಲ್ ಸ್ಕ್ರೀನು ಬೆಳಕನ್ನು ಹೊರಗೆ ಚೆಲ್ಲುತ್ತದೆ. ಇ-ಇಂಕ್ ಸ್ಕ್ರೀನು ಹಾಗಲ್ಲ. ಅದು ಕಾಗದದಂತೆ ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ. ಅದರೊಳಗೆ ಕೂದಲೆಳೆಯ ದಪ್ಪದಷ್ಟೇ ಇರುವ ಲಕ್ಷಾಂತರ ಗುಳಿಗೆಗಳಿವೆ. ಪ್ರತಿ ಗುಳಿಗೆಯಲ್ಲೂ ತಿಳಿಯಾದ ಒಂದು ದ್ರವ, ಅದರಲ್ಲಿ ತೇಲುವ ಬಿಳಿ ಕಣಗಳು ಮತ್ತು ಕಪ್ಪು ಕಣಗಳು ಇರುತ್ತವೆ. ಬಿಳಿ ಕಣಗಳು ಟೈಟಾನಿಯಂ ಡೈಆಕ್ಸೈಡ್, ಅಂದರೆ ಗೋಡೆಗೆ ಬಳಿಯುವ ಬಿಳಿ ಪೇಂಟಿನಲ್ಲಿ ಇರುವ ವಸ್ತುವೇ. ಬಿಳಿ ಕಣಗಳಿಗೂ ಕಪ್ಪು ಕಣಗಳಿಗೂ ವಿರುದ್ಧ ವಿದ್ಯುದಾವೇಶ ಇರುತ್ತದೆ. ಕೆಳಗಿನಿಂದ ಸುಮಾರು 15 ವೋಲ್ಟ್ ಒಂದು ದಿಕ್ಕಿಗೆ ಕೊಟ್ಟರೆ ಬಿಳಿ ಕಣಗಳು ಮೇಲೆ ಬರುತ್ತವೆ, ಇನ್ನೊಂದು ದಿಕ್ಕಿಗೆ ಕೊಟ್ಟರೆ ಕಪ್ಪು ಕಣಗಳು ಮೇಲೆ ಬರುತ್ತವೆ. ವೋಲ್ಟೇಜ್ ನಿಲ್ಲಿಸಿದರೂ ಕಣಗಳು ಇದ್ದಲ್ಲೇ ಇರುತ್ತವೆ. ಆದ್ದರಿಂದಲೇ ಪುಟ ತಿರುಗಿಸದೆ ಓದುತ್ತಿರುವಾಗ ಅಕ್ಷರಗಳನ್ನು ಹಿಡಿದಿಡಲು ಸ್ಕ್ರೀನಿಗೆ ಬ್ಯಾಟರಿ ಬೇಕಾಗಿಲ್ಲ.

ಈ ಗುಣವೇ ನೆರಳಿಗೂ ಕಾರಣ. ಕಣಗಳಿಗೆ ಎಲ್ಲಿ ನಿಂತಿವೆ ಎಂದು ಅಳೆದು ಹೇಳುವ ವ್ಯವಸ್ಥೆ ಸ್ಕ್ರೀನಿನಲ್ಲಿ ಇಲ್ಲ. ಈ ಚುಕ್ಕೆ ಈಗ ಕಪ್ಪು, ಮುಂದೆ ಬಿಳಿಯಾಗಬೇಕು, ಹಾಗಾದರೆ ಇಷ್ಟು ಹೊತ್ತು ಇಂಥ ವೋಲ್ಟೇಜ್ ಕೊಡು ಎಂದು ಮೊದಲೇ ಬರೆದಿಟ್ಟ ಪಟ್ಟಿಯಂತೆ ಕೆಲಸ ನಡೆಯುತ್ತದೆ. ಕಣಗಳು ದ್ರವದಲ್ಲಿ ಈಜಿಕೊಂಡು ಹೋಗಬೇಕು. ಕೆಲವು ಕಣಗಳು ಗುರಿಯವರೆಗೆ ಹೋಗದೆ ನಡುವೆ ನಿಲ್ಲುತ್ತವೆ. ಕಪ್ಪು ಅಕ್ಷರವಿದ್ದ ಜಾಗ ಬಿಳಿಯಾದರೂ ಸುತ್ತಲಿನ ಬಿಳಿಗಿಂತ ಒಂದು ಎಳೆ ಕಡಿಮೆ ಬಿಳಿಯಾಗಿರುತ್ತದೆ. ಕಪ್ಪು ಹಲಗೆಯನ್ನು ಒಣ ಡಸ್ಟರ್‌ನಿಂದ ಒರೆಸಿದ ಮೇಲೂ ಹಿಂದಿನ ಪೀರಿಯಡ್‌ನ ಲೆಕ್ಕ ಮಸುಕಾಗಿ ಕಾಣುವುದಿಲ್ಲವೇ, ಇದೂ ಹಾಗೆಯೇ. ಇದಕ್ಕೆ ಇಂಗ್ಲಿಷಿನಲ್ಲಿ ಘೋಸ್ಟಿಂಗ್ ಎನ್ನುತ್ತಾರೆ. ನಾವು ನೆರಳು ಎನ್ನೋಣ.

ಹಲಗೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದಕ್ಕೆ ಸಮನಾದದ್ದು ಪೂರ್ಣ ರಿಫ್ರೆಶ್. ಆಗ ಸ್ಕ್ರೀನು ಒಮ್ಮೆ ಕಪ್ಪಾಗಿ, ಬಿಳಿಯಾಗಿ ಮಿನುಗಿ, ಆಮೇಲೆ ಹೊಸ ಪುಟ ಮೂಡುತ್ತದೆ. ಎಲ್ಲ ಕಣಗಳನ್ನೂ ಈ ತುದಿಗೂ ಆ ತುದಿಗೂ ಓಡಿಸಿ, ಹಳೆಯ ಸ್ಥಾನವನ್ನು ಮರೆಸಿ, ಆಮೇಲೆ ಹೊಸ ಸ್ಥಾನಕ್ಕೆ ಕಳುಹಿಸುವ ಕೆಲಸ ಅದು. ಸಾಮಾನ್ಯ ಕೊಠಡಿ ತಾಪಮಾನದಲ್ಲಿ ಇದಕ್ಕೆ ಸುಮಾರು ಅರ್ಧ ಸೆಕೆಂಡ್ ಹಿಡಿಯುತ್ತದೆ. ಪ್ರತಿ ಪುಟಕ್ಕೂ ಈ ಮಿನುಗು ಬಂದರೆ ಓದುವವರಿಗೆ ಕಿರಿಕಿರಿ. ಆದ್ದರಿಂದ ಸಾಧನವು ಕೆಲವು ಪುಟಗಳಿಗೆ ಬದಲಾದ ಚುಕ್ಕೆಗಳನ್ನು ಮಾತ್ರ ತಿದ್ದುತ್ತದೆ. ಇದು ಭಾಗಶಃ ರಿಫ್ರೆಶ್. ಇದರಲ್ಲಿ ಮಿನುಗು ಇಲ್ಲ, ಆದರೆ ಪುಟದಿಂದ ಪುಟಕ್ಕೆ ನೆರಳು ಸೇರುತ್ತಾ ಹೋಗುತ್ತದೆ.

ಇಲ್ಲಿ ಇನ್ನೊಂದು ವಿಷಯ ನೆನಪಿಡಬೇಕು. ಕಣಗಳನ್ನು ತೀರಾ ಮೇಲಕ್ಕೋ ತೀರಾ ಕೆಳಕ್ಕೋ ತಳ್ಳುವುದು ಸುಲಭ, ನಡುವೆ ನಿಲ್ಲಿಸುವುದು ಕಷ್ಟ. ಸಾಮಾನ್ಯ ಇ-ಇಂಕ್ ಸ್ಕ್ರೀನು ಕಪ್ಪಿನಿಂದ ಬಿಳಿಯವರೆಗೆ 16 ಹಂತಗಳನ್ನು ತೋರಿಸುತ್ತದೆ. ಶುದ್ಧ ಕಪ್ಪು, ಶುದ್ಧ ಬಿಳಿ ಚೆನ್ನಾಗಿ ಬರುತ್ತವೆ. ನಡುವಿನ ಬೂದು ಹಂತಗಳಲ್ಲಿ ಕಣಗಳು ಹಿಂದೆ ಎಲ್ಲಿದ್ದವು ಎಂಬುದರ ಗುರುತು ಬೇಗ ಕಾಣಿಸುತ್ತದೆ. ಅಂದರೆ ಪುಟದಲ್ಲಿ ಬೂದು ಹೆಚ್ಚಿದಷ್ಟೂ ನೆರಳು ಹೆಚ್ಚು. ಫೋಟೋ, ಬಣ್ಣ ತುಂಬಿದ ಚಿತ್ರ, ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದ ಬೂದು ಹಿನ್ನೆಲೆಯ ನೋಟ್ಸ್ ಇವುಗಳ ನಂತರ ನೆರಳು ಎದ್ದು ಕಾಣುವುದು ಇದಕ್ಕೇ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರ ತೋರಿಸುವ ಡಾರ್ಕ್ ಮೋಡ್‌ನಲ್ಲೂ ನೆರಳು ಬೇಗ ಕಾಣಿಸುತ್ತದೆ. ಮೊಬೈಲ್‌ನಲ್ಲಿ ಅದು ಕಣ್ಣಿಗೆ ಹಿತವೆಂದು ಇಲ್ಲೂ ಹಾಕಿಕೊಂಡವರು ಮೊದಲು ಅದನ್ನು ತೆಗೆದು ನೋಡಬೇಕು.

ಆದ್ದರಿಂದ ಕ್ರಮ ಹೀಗೆ: ಮೊದಲು ಲೈಟ್ ಆರಿಸಿ ಸ್ಕ್ರೀನನ್ನು ಪರೀಕ್ಷಿಸುವುದು, ಎರಡನೆಯದಾಗಿ ಕಾಂಟ್ರಾಸ್ಟ್ ಸರಿಪಡಿಸಿ ಬೂದನ್ನು ಕಡಿಮೆ ಮಾಡುವುದು, ಮೂರನೆಯದಾಗಿ ರಿಫ್ರೆಶ್, ಕೊನೆಗೆ ಲೈಟ್.

ಮೊದಲ ಪರೀಕ್ಷೆ

ಹಗಲು ಹೊತ್ತಿನಲ್ಲಿ ಕಿಟಕಿಯ ಪಕ್ಕ ಕುಳಿತುಕೊಳ್ಳಿ. ಬಿಸಿಲು ನೇರವಾಗಿ ಬೀಳುವ ಜಾಗ ಬೇಡ. ಫ್ರಂಟ್ ಲೈಟನ್ನು ಪೂರ್ತಿ ಸೊನ್ನೆಗೆ ಇಳಿಸಿ. ಪೂರ್ಣ ರಿಫ್ರೆಶ್ ಮಾಡಿ. ಕೆಲವು ಸಾಧನಗಳಲ್ಲಿ ಇದಕ್ಕೆ ಪ್ರತ್ಯೇಕ ಬಟನ್ ಇರುತ್ತದೆ. ಇಲ್ಲದಿದ್ದರೆ ಪವರ್ ಬಟನ್ ಒತ್ತಿ ಮಲಗಿಸಿ ಮತ್ತೆ ಎಬ್ಬಿಸಿದರೆ ಸಾಮಾನ್ಯವಾಗಿ ಇಡೀ ಸ್ಕ್ರೀನು ಹೊಸದಾಗಿ ಮೂಡುತ್ತದೆ. ಈಗ ಅಕ್ಷರಗಳೇ ಇಲ್ಲದ ಅಂಚಿನ ಜಾಗವನ್ನೂ ಸಾಲುಗಳ ನಡುವಿನ ಜಾಗವನ್ನೂ ನೋಡಿ.

ನೆರಳು ಹೋಗಿ ಪುಟ ಸ್ವಚ್ಛವಾಗಿದ್ದರೆ ಸ್ಕ್ರೀನು ಚೆನ್ನಾಗಿದೆ, ಉಳಿದದ್ದು ಹೊಂದಾಣಿಕೆಯ ಮಾತು. ಎರಡು ಮೂರು ಬಾರಿ ಪೂರ್ಣ ರಿಫ್ರೆಶ್ ಮಾಡಿದ ಮೇಲೂ ಅದೇ ಜಾಗದಲ್ಲಿ ನೇರವಾದ ಗೆರೆ ಅಥವಾ ಎಂದೂ ಬದಲಾಗದ ಮಚ್ಚೆ ಉಳಿದರೆ ಅದು ನೆರಳಲ್ಲ, ಪ್ಯಾನೆಲ್‌ನ ಪೆಟ್ಟು. ಬ್ಯಾಗಿನಲ್ಲಿ ದಪ್ಪ ಪುಸ್ತಕಗಳ ನಡುವೆ, ಟಿಫಿನ್ ಡಬ್ಬದ ಪಕ್ಕ ಒತ್ತಿಹೋದ ಸಾಧನಗಳಲ್ಲಿ ಇದು ಆಗುತ್ತದೆ. ಅದನ್ನು ಯಾವ ಸೆಟ್ಟಿಂಗ್ ಕೂಡ ಸರಿಪಡಿಸದು. ಲೈಟ್ ಆರಿಸಿದಾಗ ಕಾಣದ ಮಚ್ಚೆಯೋ ಕೆಳಗಿನ ಅಂಚಿನ ಕಪ್ಪು ಛಾಯೆಯೋ ಲೈಟ್ ಹಾಕಿದಾಗ ಮಾತ್ರ ಕಂಡರೆ ಅದು ಲೈಟಿನ ಪದರಕ್ಕೆ ಸಂಬಂಧಿಸಿದ್ದು, ಅಕ್ಷರಕ್ಕಲ್ಲ. ಈ ಒಂದು ಪರೀಕ್ಷೆಯಿಂದ ಮೂರು ಬೇರೆ ಬೇರೆ ದೋಷಗಳು ಬೇರ್ಪಡುತ್ತವೆ.

ತಾಪಮಾನವನ್ನೂ ಇಲ್ಲೇ ಗಮನಿಸಬೇಕು. ದ್ರವ ತಣ್ಣಗಾದಷ್ಟೂ ಕಣಗಳ ಓಟ ನಿಧಾನ. ಸಾಧನದೊಳಗೆ ತಾಪಮಾನ ಅಳೆಯುವ ಸೆನ್ಸರ್ ಇದ್ದು, ಅದಕ್ಕೆ ತಕ್ಕಂತೆ ವೋಲ್ಟೇಜ್ ಪಟ್ಟಿ ಬದಲಾಗುತ್ತದೆ. ಆದರೂ ಎಸಿ ಬಸ್ಸಿನಲ್ಲಿ ಗಾಳಿ ನೇರವಾಗಿ ಬೀಳುವ ಕಡೆ ಇಟ್ಟ ಸಾಧನ ಮೊದಲ ಕೆಲವು ಪುಟಗಳಲ್ಲಿ ಹೆಚ್ಚು ನೆರಳು ತೋರಿಸಬಹುದು. ಅದನ್ನು ಕಂಡು ಸೆಟ್ಟಿಂಗ್ ಬದಲಾಯಿಸಬೇಡಿ. ಕೊಠಡಿಯ ಶಾಖಕ್ಕೆ ಬಂದ ಮೇಲೆ ನೋಡಿ.

ಕಾಂಟ್ರಾಸ್ಟ್: ಅಕ್ಷರಕ್ಕೆ ಬೇರೆ, ಸ್ಕ್ಯಾನ್‌ಗೆ ಬೇರೆ

ಇ-ಪುಸ್ತಕಗಳಲ್ಲಿ ಎರಡು ಜಾತಿ. ಒಂದು ಇಪಬ್‌ನಂಥದ್ದು. ಅದರಲ್ಲಿ ಅಕ್ಷರಗಳು ಅಕ್ಷರಗಳಾಗಿಯೇ ಇರುತ್ತವೆ, ಫಾಂಟ್ ದೊಡ್ಡದು ಚಿಕ್ಕದು ಮಾಡಬಹುದು. ಇನ್ನೊಂದು ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಪುಟದ ಫೋಟೋ ಮಾತ್ರ.

ಮೊದಲನೆಯದರಲ್ಲಿ ಅಕ್ಷರ ಆಗಲೇ ಶುದ್ಧ ಕಪ್ಪು. ಕಾಂಟ್ರಾಸ್ಟ್ ಏರಿಸಲು ಅಲ್ಲಿ ಏನೂ ಉಳಿದಿಲ್ಲ. ಆದರೂ ಅಕ್ಷರ ತೆಳುವಾಗಿ ಕಂಡರೆ ಅದಕ್ಕೆ ಕಾರಣ ಗೆರೆಯ ದಪ್ಪ. ಗೆರೆಯ ಅಂಚುಗಳನ್ನು ನುಣುಪಾಗಿ ತೋರಿಸಲು ಸಾಧನವು ಅಂಚಿನ ಚುಕ್ಕೆಗಳನ್ನು ಬೂದು ಮಾಡುತ್ತದೆ. ಗೆರೆಯೇ ಸಪೂರವಾಗಿದ್ದರೆ ಇಡೀ ಗೆರೆ ಬೂದಾಗಿಬಿಡುತ್ತದೆ. ಕನ್ನಡದಲ್ಲಿ ಮೊದಲು ಪೆಟ್ಟು ಬೀಳುವುದು ಒತ್ತಕ್ಷರಗಳಿಗೆ. ಉರ್ದು ಮತ್ತು ಅರಬಿ ಓದುವವರಿಗೆ ನುಖ್ತಾಗಳಿಗೆ. ಇದಕ್ಕೆ ಪರಿಹಾರ ಕಾಂಟ್ರಾಸ್ಟ್ ಅಲ್ಲ, ಅಕ್ಷರದ ದಪ್ಪವನ್ನು ಒಂದು ಹಂತ ಏರಿಸುವುದು. ಕಿಂಡಲ್‌ನಲ್ಲಿ `Aa` ಒತ್ತಿ ಫಾಂಟ್ ವಿಭಾಗಕ್ಕೆ ಹೋದರೆ `Bold` ಎಂಬ ಹೊಂದಾಣಿಕೆ ಸಿಗುತ್ತದೆ. ಕೋಬೊದಲ್ಲಿ ಅದರೊಂದಿಗೇ ಬರುವ ಫಾಂಟ್‌ಗಳಿಗೆ ದಪ್ಪ ಏರಿಸುವ ಅವಕಾಶವಿದೆ. ಒಂದು ಹಂತ ಏರಿಸಿ ಅರ್ಧ ಪುಟ ಓದಿ ನೋಡಿ. ಬೇಕಾದರೆ ಮಾತ್ರ ಇನ್ನೊಂದು ಹಂತ.

ಎರಡನೆಯದರಲ್ಲಿ, ಅಂದರೆ ಸ್ಕ್ಯಾನ್ ಮಾಡಿದ ಪುಟದಲ್ಲಿ, ಕಾಂಟ್ರಾಸ್ಟ್‌ಗೆ ನಿಜವಾದ ಕೆಲಸವಿದೆ. ಮೊಬೈಲ್‌ನಿಂದ ತೆಗೆದ ಪುಟದ ಹಿನ್ನೆಲೆ ನಮ್ಮ ಕಣ್ಣಿಗೆ ಬಿಳಿಯಾಗಿ ಕಂಡರೂ ಫೈಲಿನಲ್ಲಿ ತೆಳು ಬೂದು. ಕೈಯ ನೆರಳು ಬಿದ್ದ ಮೂಲೆ ಇನ್ನೂ ಗಾಢ. ಬಾಲ್‌ಪೆನ್ನಿನ ನೀಲಿ ಅಕ್ಷರ ಕಪ್ಪಾಗದೆ ನಡುಬೂದಾಗಿ ಮೂಡುತ್ತದೆ. ಹಿನ್ನೆಲೆ ಮತ್ತು ಅಕ್ಷರ ಎರಡೂ ನಡುವಿನ ಹಂತಗಳಿಗೆ ಬಂದು ಸೇರಿದಾಗ ಓದುವುದೂ ಕಷ್ಟ, ನೆರಳೂ ಹೆಚ್ಚು. ಕಾಂಟ್ರಾಸ್ಟ್ ಏರಿಸಿದರೆ ತೆಳು ಬೂದು ಬಿಳಿಯ ಕಡೆಗೂ ಗಾಢ ಬೂದು ಕಪ್ಪಿನ ಕಡೆಗೂ ಸರಿಯುತ್ತವೆ. ಒಂದೇ ಹೆಜ್ಜೆಯಲ್ಲಿ ಎರಡೂ ತೊಂದರೆಗಳು ತಗ್ಗುತ್ತವೆ. ರಿಫ್ರೆಶ್‌ಗಿಂತ ಮೊದಲು ಕಾಂಟ್ರಾಸ್ಟ್ ಎಂದು ಹೇಳಿದ್ದು ಇದೇ ಕಾರಣಕ್ಕೆ.

ಎಲ್ಲಿ ನಿಲ್ಲಿಸಬೇಕು? ಇದಕ್ಕೆ ಕನ್ನಡ ಲಿಪಿಯಲ್ಲೇ ಒಳ್ಳೆಯ ಅಳತೆಗೋಲು ಇದೆ. ದ ಮತ್ತು ಧ ನೋಡಿ. ಬ ಮತ್ತು ಭ, ಪ ಮತ್ತು ಫ ನೋಡಿ. ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಗೀಟು ಮಾತ್ರ. ಥ ಎಂಬುದರಲ್ಲಿ ಒಳಗೊಂದು ಚುಕ್ಕೆ. ಕಾಂಟ್ರಾಸ್ಟ್ ಕಡಿಮೆಯಾದರೆ ಆ ಗೀಟು ಹಿನ್ನೆಲೆಯಲ್ಲಿ ಕರಗಿ ಧ ಎಂಬುದು ದ ಆಗಿ ಕಾಣುತ್ತದೆ. ವಿಪರೀತವಾದರೆ ಎರಡು ಬಗೆಯ ಹಾನಿ ಆಗಬಹುದು. ತೆಳುವಾಗಿ ಬರೆದ ಗೀಟು ಹಿನ್ನೆಲೆಯೊಂದಿಗೆ ತಾನೂ ಬಿಳಿಯಾಗಿ ಮಾಯವಾಗುತ್ತದೆ, ಇಲ್ಲವೇ ಅಕ್ಷರದ ಹೊಟ್ಟೆಯೊಳಗಿನ ಜಾಗ ಮಸಿ ಹರಡಿದಂತೆ ತುಂಬಿ ಥ ಮುದ್ದೆಯಾಗುತ್ತದೆ. ಈ ಅಕ್ಷರಗಳು ಬೇರೆಬೇರೆಯಾಗಿ ಕಾಣುವ ಹಂತವೇ ಸರಿಯಾದ ಹಂತ.

ವಿಜ್ಞಾನದವರು ಇದರ ಜೊತೆಗೆ ಸಮೀಕರಣಗಳನ್ನೂ ನೋಡಬೇಕು. H₂SO₄ ನಲ್ಲಿ ಕೆಳಗಿನ ಅಂಕಿಗಳು, x² ನಲ್ಲಿ ಮೇಲಿನ ಅಂಕಿ, ಘಾತದ ಮುಂದಿನ ಋಣ ಚಿಹ್ನೆ, ಇವು ಪುಟದ ಅತಿ ಸಣ್ಣ ಗುರುತುಗಳು. 10⁻³ ಎಂಬುದು 10³ ಆಗಿ ಕಂಡರೆ ಉತ್ತರ ಹತ್ತು ಲಕ್ಷ ಪಟ್ಟು ಬದಲಾಗುತ್ತದೆ. ಓದು ಹಿತವಾಗಿದೆಯೇ ಎಂಬುದಕ್ಕಿಂತ, ಓದಿದ್ದು ಸರಿಯಾಗಿದೆಯೇ ಎಂಬುದು ಇಲ್ಲಿ ಮುಖ್ಯ.

ರಿಫ್ರೆಶ್: ಎಷ್ಟು ಪುಟಕ್ಕೊಮ್ಮೆ?

ಈಗ ರಿಫ್ರೆಶ್‌ಗೆ ಬರೋಣ. ಸಾಧನಗಳಲ್ಲಿ ಇದು ಬೇರೆಬೇರೆ ರೂಪದಲ್ಲಿ ಇದೆ. ಕಿಂಡಲ್‌ನಲ್ಲಿ ಓದುವ ಸೆಟ್ಟಿಂಗ್‌ಗಳ ಒಳಗೆ `Page Refresh` ಎಂಬ ಒಂದೇ ಸ್ವಿಚ್. ಹಾಕಿದರೆ ಪ್ರತಿ ಪುಟಕ್ಕೂ ಪೂರ್ಣ ರಿಫ್ರೆಶ್, ತೆಗೆದರೆ ಬೇಕಾದಾಗ ಸಾಧನವೇ ಮಾಡಿಕೊಳ್ಳುತ್ತದೆ. ಕೋಬೊದಲ್ಲಿ `Reading settings` ಒಳಗೆ ಎಷ್ಟು ಪುಟಕ್ಕೊಮ್ಮೆ ಅಥವಾ ಅಧ್ಯಾಯಕ್ಕೊಮ್ಮೆ ಎಂದು ಆಯ್ಕೆ ಮಾಡಬಹುದು. ಕೋಬೊ, ಪಾಕೆಟ್‌ಬುಕ್, ಆಂಡ್ರಾಯ್ಡ್ ಸಾಧನಗಳಲ್ಲಿ ಹಾಕಿಕೊಳ್ಳಬಹುದಾದ `KOReader` ಎಂಬ ಉಚಿತ ತಂತ್ರಾಂಶದಲ್ಲಿ `Full refresh rate` ಎಂಬ ಆಯ್ಕೆ ಇದೆ.

ನಿಮಗೆ ಎಷ್ಟು ಬೇಕು ಎಂದು ತಿಳಿಯಲು ಊಹೆ ಬೇಡ, ಎಣಿಸಿ. ಅತಿ ಕಡಿಮೆ ರಿಫ್ರೆಶ್ ಇಟ್ಟು, ಒಮ್ಮೆ ಪೂರ್ಣ ರಿಫ್ರೆಶ್ ಮಾಡಿ, ಓದಲು ತೊಡಗಿ. ಸಾಲುಗಳ ನಡುವೆ ಹಳೆಯ ಅಕ್ಷರ ಕಣ್ಣಿಗೆ ತೊಡಕಾದ ಪುಟ ಎಷ್ಟನೆಯದು ಎಂದು ಗುರುತಿಸಿಕೊಳ್ಳಿ. ಐದನೆಯ ಪುಟದಲ್ಲಿ ತೊಡಕಾದರೆ ನಾಲ್ಕಕ್ಕೊಮ್ಮೆ ಎಂದು ಇಡಿ. ಎರಡನೆಯ ಪುಟದಲ್ಲೇ ತೊಡಕಾದರೆ ಪ್ರತಿ ಪುಟಕ್ಕೂ ಇಡಬೇಕಾಗುತ್ತದೆ, ಆದರೆ ಅದಕ್ಕೆ ಮೊದಲು ಕಾಂಟ್ರಾಸ್ಟ್ ಹೆಜ್ಜೆಯನ್ನು ಸರಿಯಾಗಿ ಮಾಡಿದ್ದೀರಾ ಎಂದು ನೋಡಿಕೊಳ್ಳಿ. ಕಾದಂಬರಿಯಂಥ ಶುದ್ಧ ಅಕ್ಷರದ ಪುಸ್ತಕಕ್ಕೆ ಅಧ್ಯಾಯಕ್ಕೊಮ್ಮೆ ಸಾಕಾಗಬಹುದು. ಚಿತ್ರ, ನಕ್ಷೆ ಇರುವ ಜೀವಶಾಸ್ತ್ರದ ಪುಟಗಳಿಗೆ ಪ್ರತಿ ಪುಟಕ್ಕೂ ಇದ್ದರೆ ಒಳ್ಳೆಯದು. ಒಂದೇ ಚಿತ್ರ ಇದ್ದಲ್ಲಿ ಸೆಟ್ಟಿಂಗ್ ಮುಟ್ಟದೆ, ಚಿತ್ರ ದಾಟಿದ ಮೇಲೆ ಕೈಯಿಂದ ಒಮ್ಮೆ ರಿಫ್ರೆಶ್ ಮಾಡಿದರೆ ಆಯಿತು. ಪ್ರತಿ ಪುಟಕ್ಕೂ ಪೂರ್ಣ ರಿಫ್ರೆಶ್ ಇಟ್ಟರೆ ಬ್ಯಾಟರಿ ಸ್ವಲ್ಪ ಬೇಗ ಇಳಿಯುತ್ತದೆ, ಸ್ಕ್ರೀನಿಗೆ ಕೇಡೇನೂ ಇಲ್ಲ.

ಹೊಸ ಸಾಧನಗಳಲ್ಲಿ ರೀಗಲ್ ಎಂಬ ಇನ್ನೊಂದು ವಿಧಾನವಿದೆ. ಬಿಳಿ ಹಿನ್ನೆಲೆಯ ಅಕ್ಷರ ಪುಟಗಳಲ್ಲಿ ಕಪ್ಪು ಮಿನುಗು ಇಲ್ಲದೆಯೇ ಅದು ನೆರಳನ್ನು ಬಹಳ ಮಟ್ಟಿಗೆ ತಗ್ಗಿಸುತ್ತದೆ. ಬೂದು ತುಂಬಿದ ಚಿತ್ರಗಳಲ್ಲಿ ಅದರ ಲಾಭ ಕಡಿಮೆ. ಹಿನ್ನೆಲೆ ಬಿಳಿಯಾಗಿರಬೇಕು ಎಂಬ ಮಾತು ಇಲ್ಲೂ ಬಂತು.

ಆಂಡ್ರಾಯ್ಡ್ ಇರುವ ಇ-ಇಂಕ್ ಟ್ಯಾಬ್‌ಗಳಲ್ಲಿ ವೇಗದ ಆಯ್ಕೆಗಳೂ ಇರುತ್ತವೆ. `Fast`, `Ultrafast`, `A2` ಇಂಥ ಹೆಸರುಗಳು ಕಾಣುತ್ತವೆ. ಇವುಗಳಲ್ಲಿ ಅತಿ ವೇಗದವು ಸೆಕೆಂಡಿನ ಎಂಟನೆಯ ಒಂದು ಭಾಗದಷ್ಟು ಹೊತ್ತಿನಲ್ಲಿ ಚಿತ್ರ ಬದಲಿಸುತ್ತವೆ. ಅದು ಹೇಗೆ ಸಾಧ್ಯ ಎಂದರೆ, ಬೂದು ಹಂತಗಳನ್ನು ಕೈಬಿಟ್ಟು ಕಪ್ಪು ಮತ್ತು ಬಿಳಿ ಎರಡನ್ನೇ ಬಳಸುವುದರಿಂದ. ಆಗ ಅಂಚಿನ ನುಣುಪು ಹೋಗಿ ಅಕ್ಷರ ಗರಗಸದ ಹಲ್ಲಿನಂತೆ ಕಾಣುತ್ತದೆ, ಒತ್ತಕ್ಷರ ಒಡೆಯುತ್ತದೆ, ನೆರಳೂ ಬೇಗ ಸೇರುತ್ತದೆ. ವೆಬ್ ಪುಟವನ್ನು ಮೇಲೆ ಕೆಳಗೆ ಸರಿಸಿ ಹುಡುಕಲು ಇದು ಸರಿ. ಕುಳಿತು ಓದಲು ಸರಿಯಲ್ಲ. ಬಹಳ ಸಲ ಅಕ್ಷರ ಮಸುಕು ಎಂಬ ದೂರಿನ ಮೂಲ, ಹುಡುಕಾಟಕ್ಕೆಂದು ಹಾಕಿದ ವೇಗದ ಮೋಡ್ ಹಾಗೇ ಉಳಿದಿರುವುದು.

ಫ್ರಂಟ್ ಲೈಟ್: ಕಾಗದಕ್ಕೆ ಸರಿಸಾಟಿ ಮಾಡಿ

ಫ್ರಂಟ್ ಲೈಟ್ ಎಂಬ ಹೆಸರು ಸುಮ್ಮನೆ ಬಂದದ್ದಲ್ಲ. ಮೊಬೈಲ್‌ನಲ್ಲಿ ಬೆಳಕು ಸ್ಕ್ರೀನಿನ ಕಡೆಯಿಂದ ಕಣ್ಣಿಗೆ ಹೊರಡುತ್ತದೆ. ಇಲ್ಲಿ ಅಂಚಿನಲ್ಲಿ ಸಾಲಾಗಿ ಇಟ್ಟ ಸಣ್ಣ ಎಲ್ಇಡಿಗಳ ಬೆಳಕು ಒಂದು ತೆಳು ಪಾರದರ್ಶಕ ಪದರದೊಳಗೆ ಹರಿದು, ಅಲ್ಲಿಂದ ಕೆಳಗಿನ ಅಕ್ಷರಗಳ ಮೇಲೆ ಬಿದ್ದು, ತಿರುಗಿ ನಮ್ಮ ಕಣ್ಣಿಗೆ ಬರುತ್ತದೆ. ಕಿಂಡಲ್‌ಗಳಲ್ಲಿ ಇದು ಮೊದಲು ಬಂದದ್ದು 2012ರ ಪೇಪರ್‌ವೈಟ್‌ನಲ್ಲಿ.

ಲೈಟ್ ಏಕೆ ಬೇಕು? ಇ-ಇಂಕ್‌ನ ಬಿಳಿ ನಿಜವಾಗಿ ತೆಳು ಬೂದು. ಅದು ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಶೇಕಡಾ 40ರಿಂದ 45ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಒಳ್ಳೆಯ ಬಿಳಿ ಕಾಗದ ಇದಕ್ಕಿಂತ ಬಹಳ ಹೆಚ್ಚು ಹಿಂದಿರುಗಿಸುತ್ತದೆ. ಆದ್ದರಿಂದ ಟ್ಯೂಬ್‌ಲೈಟಿನ ಕೆಳಗೆ ಪುಸ್ತಕ ಚೆನ್ನಾಗಿ ಕಂಡು ಇ-ರೀಡರ್ ಮಂಕಾಗಿ ಕಾಣುವುದು ಸಹಜ. ಆ ಕೊರತೆಯನ್ನು ತುಂಬುವಷ್ಟು ಲೈಟ್ ಸಾಕು.

ಹೆಚ್ಚು ಹಾಕಿದರೆ ಏನಾಗುತ್ತದೆ? ಬಿಳಿಯ ಜೊತೆ ಕಪ್ಪೂ ಏಳುತ್ತದೆ. ಕಪ್ಪು ಕಣಗಳೂ ಸ್ವಲ್ಪ ಬೆಳಕನ್ನು ಹಿಂದಿರುಗಿಸುತ್ತವೆ, ಅಲ್ಲದೆ ಆ ಪಾರದರ್ಶಕ ಪದರದಿಂದ ಸ್ವಲ್ಪ ಬೆಳಕು ಅಕ್ಷರವನ್ನು ಮುಟ್ಟದೆ ನೇರವಾಗಿ ಕಣ್ಣಿಗೇ ಬರುತ್ತದೆ. ಅದರಿಂದ ಅಕ್ಷರದ ಮೇಲೆ ತೆಳು ಮಂಜು ಕವಿದಂತಾಗುತ್ತದೆ. ಅಕ್ಷರ ಕಪ್ಪಾಗಿಲ್ಲ ಎಂದು ಲೈಟ್ ಏರಿಸುತ್ತಾ ಹೋಗುವುದು ಆದ್ದರಿಂದ ಉಲ್ಟಾ ದಾರಿ. ಕತ್ತಲೆ ಕೊಠಡಿಯಲ್ಲಿ ಪೂರ್ಣ ಲೈಟ್ ಹಾಕಿದರೆ ಅದು ಮೊಬೈಲ್‌ನಂತೆಯೇ ಕಣ್ಣಿಗೆ ಚುಚ್ಚುತ್ತದೆ.

ಹೊಂದಿಸುವ ವಿಧಾನ ಸುಲಭ. ಓದುವ ಜಾಗದಲ್ಲಿ ಮಾಮೂಲಿ ದೀಪ ಉರಿಸಿ. ನೋಟ್‌ಬುಕ್ಕಿನ ಖಾಲಿ ಪುಟವನ್ನು ಸಾಧನದ ಪಕ್ಕದಲ್ಲಿ, ಒಂದೇ ಮಟ್ಟದಲ್ಲಿ ಇಡಿ. ಲೈಟನ್ನು ಸೊನ್ನೆಯಿಂದ ಒಂದೊಂದೇ ಹಂತ ಏರಿಸಿ. ಸ್ಕ್ರೀನಿನ ಹಿನ್ನೆಲೆ ಕಾಗದದಷ್ಟೇ ಬೆಳ್ಳಗೆ ಕಂಡ ಕೂಡಲೇ ನಿಲ್ಲಿಸಿ. ಸ್ಕ್ರೀನು ಕಾಗದಕ್ಕಿಂತ ಹೊಳೆಯತೊಡಗಿದರೆ ಒಂದೆರಡು ಹಂತ ಇಳಿಸಿ. ಹಗಲು ಹೊರಗೆ ಓದುವಾಗ ಲೈಟ್ ಇದ್ದರೂ ಇಲ್ಲದಿದ್ದರೂ ವ್ಯತ್ಯಾಸ ಕಾಣುವುದಿಲ್ಲ. ಆಗ ಆರಿಸಿಬಿಡಿ, ಬ್ಯಾಟರಿ ಉಳಿಯುತ್ತದೆ. ಈ ಸಾಧನಗಳಲ್ಲಿ ಬ್ಯಾಟರಿಯನ್ನು ಹೆಚ್ಚು ತಿನ್ನುವುದರಲ್ಲಿ ಲೈಟೂ ಒಂದು.

ಬಣ್ಣದ ಹದ ಬದಲಿಸುವ ವಾರ್ಮ್ ಲೈಟ್ ಇದ್ದರೆ ಅದನ್ನು ಕೊನೆಯಲ್ಲಿ ಮುಟ್ಟಿ. ಹಳದಿ ಹೆಚ್ಚಿದಷ್ಟೂ ಹಿನ್ನೆಲೆ ಹಳೆಯ ಕಾಗದದಂತಾಗಿ ಅಕ್ಷರ ಸ್ವಲ್ಪ ಮೆತ್ತಗೆ ಕಾಣುತ್ತದೆ. ಮನೆಯ ದೀಪ ಹಳದಿಯಾಗಿದ್ದರೆ ಅದಕ್ಕೆ ಹೊಂದುವಷ್ಟು, ಬಿಳಿ ಟ್ಯೂಬ್‌ಲೈಟ್ ಆಗಿದ್ದರೆ ತೀರಾ ಸ್ವಲ್ಪ ಸಾಕು. ಬಣ್ಣದ ಇ-ಇಂಕ್ ಸಾಧನ ಇದ್ದವರು ಒಂದು ಮಾತು ನೆನಪಿಡಬೇಕು. ಕಲೈಡೊದಂಥ ಬಣ್ಣದ ಸ್ಕ್ರೀನುಗಳಲ್ಲಿ ಕಣಗಳ ಮೇಲೆ ಬಣ್ಣದ ಫಿಲ್ಟರ್ ಕೂತಿರುವುದರಿಂದ ಸ್ಕ್ರೀನು ಸ್ವಭಾವತಃ ಕಪ್ಪುಗಟ್ಟಿರುತ್ತದೆ. ಒಳಾಂಗಣದಲ್ಲಿ ಅದಕ್ಕೆ ಲೈಟ್ ಹೆಚ್ಚು ಬೇಕಾಗುವುದು ದೋಷವಲ್ಲ.

ಒಂದು ಉದಾಹರಣೆ: ಎ4 ನೋಟ್ಸ್, ಆರು ಇಂಚಿನ ಸ್ಕ್ರೀನ್

ಈಗ ಎಲ್ಲವನ್ನೂ ಒಂದು ಫೈಲಿನ ಮೇಲೆ ಮಾಡಿ ನೋಡೋಣ. ರಸಾಯನಶಾಸ್ತ್ರದ ನೋಟ್ಸ್, ಎ4 ಹಾಳೆ, ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿ ಪಿಡಿಎಫ್ ಆಗಿ ಕ್ಲಾಸ್ ಗ್ರೂಪಿನಲ್ಲಿ ಬಂದದ್ದು. ಓದುವುದು ಆರು ಇಂಚಿನ ಇ-ರೀಡರ್‌ನಲ್ಲಿ.

ಮೊದಲು ಗಾತ್ರದ ಲೆಕ್ಕ. ಎ4 ಹಾಳೆ 210 ಮಿಮೀ ಅಗಲ, 297 ಮಿಮೀ ಎತ್ತರ. ಆರು ಇಂಚಿನ ಸ್ಕ್ರೀನು ಸುಮಾರು 91 ಮಿಮೀ ಅಗಲ, 122 ಮಿಮೀ ಎತ್ತರ. ಇಡೀ ಹಾಳೆ ಒಂದೇ ಸ್ಕ್ರೀನಿನಲ್ಲಿ ಕೂರಬೇಕಾದರೆ ಅದು ಶೇಕಡಾ 41ಕ್ಕೆ ಕುಗ್ಗಬೇಕು. 12 ಪಾಯಿಂಟ್ ಅಕ್ಷರ 5 ಪಾಯಿಂಟ್‌ನಷ್ಟಾಗುತ್ತದೆ. ಆ ಗಾತ್ರದಲ್ಲಿ ಗೆರೆಗಳೆಲ್ಲ ಬೂದು ಚುಕ್ಕೆಗಳಾಗುತ್ತವೆ. ಯಾವ ಕಾಂಟ್ರಾಸ್ಟ್ ಕೂಡ ಅದನ್ನು ಉಳಿಸದು.

ಆದ್ದರಿಂದ ಸುತ್ತಲಿನ ಖಾಲಿ ಅಂಚನ್ನು ಕತ್ತರಿಸಬೇಕು. ನಾಲ್ಕೂ ಕಡೆ 20 ಮಿಮೀ ಅಂಚು ಹೋದರೆ ಬರಹದ ಅಗಲ 170 ಮಿಮೀ. ಈಗ ಸಾಧನವನ್ನು ಅಡ್ಡ ತಿರುಗಿಸಿ. 122 ಮಿಮೀ ಅಗಲದಲ್ಲಿ 170 ಮಿಮೀ ಬರಹ ಕೂತರೆ ಅದು ಶೇಕಡಾ 72ಕ್ಕೆ ಕುಗ್ಗುತ್ತದೆ. 12 ಪಾಯಿಂಟ್ ಅಕ್ಷರ ಸುಮಾರು 8.6 ಪಾಯಿಂಟ್ ಆಯಿತು. ಇದು ದಿನಪತ್ರಿಕೆಯ ಅಕ್ಷರಕ್ಕೆ ಹತ್ತಿರ, ಓದಬಹುದು. ಒಂದು ಹಾಳೆ ಎರಡು ಸ್ಕ್ರೀನುಗಳಿಗಿಂತ ತುಸು ಹೆಚ್ಚು ಹಿಡಿಯುತ್ತದೆ. ಕೆಳಗಿನ ಅಂಚನ್ನು ಇನ್ನೂ ಸ್ವಲ್ಪ ಕತ್ತರಿಸಿದರೆ ಎರಡರಲ್ಲಿ ಮುಗಿಯುತ್ತದೆ.

ಎರಡನೆಯದು ಕಾಂಟ್ರಾಸ್ಟ್. ಲೈಟ್ ಆರಿಸಿ, ಕಿಟಕಿಯ ಬೆಳಕಿನಲ್ಲಿ, `Contrast` ಅನ್ನು ಒಂದೊಂದೇ ಹಂತ ಏರಿಸಿ. ಮೊದಲ ಹಂತಗಳಲ್ಲಿ ಹಾಳೆಯ ನಡುವಿನ ಬೂದು ಬಿಳಿಯಾಗುತ್ತದೆ, ಆಮೇಲೆ ಮೂಲೆಯ ಕೈನೆರಳು ತೆಳುವಾಗುತ್ತದೆ. ಪ್ರತಿ ಹಂತದಲ್ಲೂ ಅದೇ ಮೂರು ಜಾಗಗಳನ್ನು ನೋಡಿ: ಒಂದು ಧ ಅಥವಾ ಭ ಇರುವ ಪದ, ಒಂದು ಒತ್ತಕ್ಷರ, ಒಂದು ಸಮೀಕರಣದ ಕೆಳ ಅಂಕಿ. ಕೆಳ ಅಂಕಿ ಒಡೆಯತೊಡಗಿದರೆ ಒಂದು ಹಂತ ಹಿಂದೆ ಬನ್ನಿ. ಮೂಲೆಯಲ್ಲಿ ಸ್ವಲ್ಪ ಬೂದು ಉಳಿದರೆ ಉಳಿಯಲಿ, ಅಂಕಿ ಉಳಿಯುವುದು ಮುಖ್ಯ. ಸಾಧ್ಯವಾದರೆ ಮೂಲದಲ್ಲೇ ಸರಿಪಡಿಸುವುದು ಇನ್ನೂ ಒಳ್ಳೆಯದು. ಗ್ರೂಪಿಗೆ ಸ್ಕ್ಯಾನ್ ಹಾಕುವವರು ಆ್ಯಪ್‌ನಲ್ಲಿ ಬಣ್ಣದ ಬದಲು ಕಪ್ಪು-ಬಿಳುಪು ಡಾಕ್ಯುಮೆಂಟ್ ಆಯ್ಕೆ ಮಾಡಿ, ಕಿಟಕಿಯ ಬೆಳಕಿನಲ್ಲಿ, ತಮ್ಮ ನೆರಳು ಬೀಳದಂತೆ ಫೋಟೋ ತೆಗೆದರೆ ಓದುವ ಎಲ್ಲರ ಈ ಹೆಜ್ಜೆ ಉಳಿಯುತ್ತದೆ.

ಮೂರನೆಯದು ರಿಫ್ರೆಶ್. ಇಲ್ಲಿ ಒಂದು ಹಾಳೆ ಎರಡು ಸ್ಕ್ರೀನು ಆದ್ದರಿಂದ ಸಾಧನ ಅದನ್ನು ಎರಡು ತಿರುವು ಎಂದೇ ಎಣಿಸುತ್ತದೆ. ಎಣಿಸಿ ನೋಡಿದಾಗ ಐದನೆಯ ಸ್ಕ್ರೀನಿನಲ್ಲಿ ನೆರಳು ತೊಡಕಾಯಿತು ಎಂದುಕೊಳ್ಳಿ. ನಾಲ್ಕಕ್ಕೊಮ್ಮೆ ಎಂದು ಇಟ್ಟರೆ ಎರಡು ಹಾಳೆಗೊಮ್ಮೆ ಮಿನುಗು ಬರುತ್ತದೆ, ಅದೂ ಹಾಳೆ ಮುಗಿದ ಜಾಗದಲ್ಲಿ. ಓದಿನ ನಡುವೆ ಅಡ್ಡಿ ಇಲ್ಲ. ಪ್ರಯೋಗದ ಉಪಕರಣದ ದೊಡ್ಡ ಚಿತ್ರ ಬಂದ ಹಾಳೆ ದಾಟಿದ ಮೇಲೆ ಕೈಯಿಂದ ಒಮ್ಮೆ ರಿಫ್ರೆಶ್.

ಕೊನೆಗೆ ಲೈಟ್. ರಾತ್ರಿ ಓದುವ ಮೇಜಿನ ಬಳಿ, ನೋಟ್‌ಬುಕ್ಕಿನ ಖಾಲಿ ಹಾಳೆ ಪಕ್ಕದಲ್ಲಿಟ್ಟು, ಎರಡೂ ಒಂದೇ ಬಿಳುಪಿಗೆ ಬರುವವರೆಗೆ ಏರಿಸಿ ನಿಲ್ಲಿಸಿ. ಆ ಹಂತದ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಮರುದಿನ ಮತ್ತೆ ಹುಡುಕಬೇಕಿಲ್ಲ.

ಇಷ್ಟಾದ ಮೇಲೂ ಒಂದು ಮಿತಿ ಉಳಿಯುತ್ತದೆ. ಪೆನ್ಸಿಲ್‌ನಲ್ಲಿ ಬರೆದು ಮೂರನೆಯ ಬಾರಿ ಜೆರಾಕ್ಸ್ ಆದ ಹಾಳೆಯಲ್ಲಿ ಅಂಕಿಯೇ ಅಳಿಸಿಹೋಗಿದ್ದರೆ ಸಾಧನ ಅದನ್ನು ಮರಳಿ ತರಲಾರದು. ಅಂಥ ಕಡೆ ಊಹಿಸಿ ಓದಬೇಡಿ. ಮೂಲ ನೋಟ್ಸ್ ಇರುವವರ ಬಳಿ ಆ ಸಾಲನ್ನು ಒಮ್ಮೆ ಸರಿನೋಡಿಕೊಳ್ಳಿ.